ದಂಪತಿ ಜಗಳ: ಸಿಟ್ಟಿಗಿಂತ ತಿರಸ್ಕಾರಕ್ಕೆ ಅಂಜಬೇಕು

ಗಂಡ ಹೆಂಡತಿ ಎಷ್ಟು ಸಲ ಜಗಳವಾಡುತ್ತಾರೆ, ಎಷ್ಟು ಜೋರಾಗಿ ಕೂಗಾಡುತ್ತಾರೆ ಎಂಬುದನ್ನು ನೋಡಿ ಅವರ ಸಂಸಾರವನ್ನು ಅಳೆಯುವುದು ರೂಢಿ. ಪಕ್ಕದ ಮನೆಗೆ ಕೇಳಿಸುವಂತೆ ವಾದ ಮಾಡುವವರನ್ನು ಕಂಡು ಜನ ಮರುಗುತ್ತಾರೆ. ದನಿ ಏರಿಸದವರನ್ನು ಅನ್ಯೋನ್ಯ ದಂಪತಿ ಎಂದು ಹೊಗಳುತ್ತಾರೆ. ಈ ಅಳತೆ ಬಹಳ ಮಟ್ಟಿಗೆ ತಪ್ಪು ಎಂದು ನಲವತ್ತು ವರ್ಷಗಳ ಸಂಶೋಧನೆ ಹೇಳುತ್ತದೆ. ಸಂಸಾರಕ್ಕೆ ಪೆಟ್ಟು ಕೊಡುವುದು ಸಿಟ್ಟಲ್ಲ, ಭಿನ್ನಾಭಿಪ್ರಾಯವೂ ಅಲ್ಲ. ನಡೆದ ಸಂಗತಿಯ ಮೇಲಿದ್ದ ಸಿಟ್ಟು ಯಾವ ಗಳಿಗೆಯಲ್ಲಿ ಎದುರಿಗಿರುವ ಮನುಷ್ಯನ ಮೇಲೆ ತಿರುಗಿತು, ತಿರುಗಿದ ಮೇಲೆ ಇಬ್ಬರಲ್ಲಿ ಒಬ್ಬರಾದರೂ ಅದನ್ನು ಹಿಂದಕ್ಕೆ ತರಬಲ್ಲರೇ, ಈ ಎರಡನ್ನು ಗಮನಿಸಿದರೆ ಜಗಳ ಯಾವ ದಾರಿ ಹಿಡಿದಿದೆ ಎಂಬುದು ಹೆಚ್ಚುಕಮ್ಮಿ ತಿಳಿಯುತ್ತದೆ.

ಈ ತಿಳಿವಳಿಕೆಯ ದೊಡ್ಡ ಪಾಲು ಬಂದದ್ದು ಅಮೆರಿಕದ ಮನೋವಿಜ್ಞಾನಿಗಳಾದ ಜಾನ್ ಗಾಟ್‌ಮನ್ ಮತ್ತು ರಾಬರ್ಟ್ ಲೆವೆನ್ಸನ್ 1980ರ ದಶಕದಲ್ಲಿ ಆರಂಭಿಸಿದ ಪ್ರಯೋಗಗಳಿಂದ. ಅವರ ವಿಧಾನ ಸರಳವಾಗಿತ್ತು. ದಂಪತಿಯನ್ನು ಕರೆಸಿ, ಎದೆಬಡಿತ, ಬೆವರು ಮುಂತಾದವನ್ನು ಅಳೆಯುವ ತಂತಿಗಳನ್ನು ಜೋಡಿಸಿ, ಇಬ್ಬರ ನಡುವೆ ನಿಜವಾಗಿಯೂ ಬಗೆಹರಿಯದೆ ಉಳಿದಿರುವ ಒಂದು ವಿಷಯವನ್ನು ಹದಿನೈದು ನಿಮಿಷ ಮಾತಾಡಲು ಬಿಡುತ್ತಿದ್ದರು. ಆ ವಿಡಿಯೊವನ್ನು ತರಬೇತಿ ಪಡೆದವರು ಕ್ಷಣಕ್ಷಣವೂ ನೋಡಿ, ಇಲ್ಲಿ ಸಿಟ್ಟು, ಇಲ್ಲಿ ನಗೆ, ಇಲ್ಲಿ ಕೊಂಕು ಎಂದು ಗುರುತು ಹಾಕುತ್ತಿದ್ದರು. ಆಮೇಲೆ ವರ್ಷಗಟ್ಟಲೆ ಕಾದು, ಯಾರು ಒಟ್ಟಿಗಿದ್ದಾರೆ, ಯಾರು ಬೇರೆಯಾದರು ಎಂದು ವಿಚಾರಿಸುತ್ತಿದ್ದರು. 1998ರಲ್ಲಿ ಗಾಟ್‌ಮನ್ ಮತ್ತು ಸಂಗಡಿಗರು ಸಿಯಾಟಲ್ ಭಾಗದ 130 ನವದಂಪತಿಗಳನ್ನು ಆರು ವರ್ಷ ಹಿಂಬಾಲಿಸಿದ ಅಧ್ಯಯನವನ್ನು ಪ್ರಕಟಿಸಿದರು. ಬರೀ ಸಿಟ್ಟು ವಿಚ್ಛೇದನದ ಮುನ್ಸೂಚನೆ ಆಗಿರಲಿಲ್ಲ. ಮಾತು ಒರಟಾಗಿ ಶುರುವಾಗುವುದು, ಗಂಡ ಹೆಂಡತಿಯ ಮಾತಿಗೆ ಕಿವಿಗೊಡದೆ ತಳ್ಳಿಹಾಕುವುದು, ಕಾವನ್ನು ಇಳಿಸುವ ಪ್ರಯತ್ನ ಎರಡೂ ಕಡೆಯಿಂದ ಇಲ್ಲದಿರುವುದು, ಇವೇ ಮುಂದಿನ ಕೇಡನ್ನು ಸೂಚಿಸಿದ್ದವು.

ಇದನ್ನು ಹತ್ತಿರದಿಂದ ನೋಡಲು ಒಂದು ಸಾಮಾನ್ಯ ಜಗಳವನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ಒಂದು ಮನೆ, ಇಬ್ಬರಿಗೂ ಕೆಲಸ. ಮಗಳ ಶಾಲೆಯ ಫೀಸು ಕಟ್ಟುತ್ತೇನೆ ಎಂದಿದ್ದ ಗಂಡ ಮರೆತಿದ್ದಾನೆ. ಕೊನೆಯ ದಿನ ದಾಟಿ, ದಂಡ ಸೇರಿಸಿ ಕಟ್ಟಿ ಎಂಬ ಮೆಸೇಜು ಹೆಂಡತಿಯ ಫೋನಿಗೆ ಬಂದಿದೆ. ಅವನು ಒಳಗೆ ಬರುತ್ತಿದ್ದಂತೆ ಅವಳು ಹೇಳುತ್ತಾಳೆ: "ನಿಮಗೆ ಒಂದು ಕೆಲಸ ಒಪ್ಪಿಸೋ ಹಾಗಿಲ್ಲ ಕಣ್ರೀ. ಯಾವತ್ತೂ ಹೀಗೇ. ಮನೆ ಅಂದ್ರೆ ನಿಮಗೆ ಲಾಡ್ಜು." ಅವನ ಉತ್ತರ: "ಆಫೀಸಲ್ಲಿ ನನ್ನ ಪಾಡೇನು ಅಂತ ನಿನಗೇನು ಗೊತ್ತು? ಮೊಬೈಲು ನಿನ್ನ ಕೈಯಲ್ಲೂ ಇತ್ತಲ್ಲ, ನೀನೇ ಕಟ್ಟಬಹುದಿತ್ತು. ಹೋದ ತಿಂಗಳು ಗ್ಯಾಸ್ ಬುಕ್ ಮಾಡೋದು ಮರೆತಿದ್ದು ಯಾರು?" ಅವಳು: "ಒಂದು ತಪ್ಪಾಯ್ತು ಅನ್ನೋಕೂ ನಿಮ್ಮ ಬಾಯಿ ಬರಲ್ಲ." ಅವನು ತುಟಿಯ ಒಂದು ಅಂಚನ್ನು ಎಳೆದು ನಗುತ್ತಾ: "ಹೌದಮ್ಮಾ, ಈ ಮನೆ ನಡೀತಿರೋದೇ ನಿನ್ನಿಂದ. ಥೇಟ್ ನಿಮ್ಮಮ್ಮನ ಥರಾನೇ ಲೆಕ್ಕ ಹಿಡ್ಕೊಂಡು ಕೂತಿರ್ತೀಯ." ಅಲ್ಲಿಗೆ ಮಾತು ನಿಲ್ಲುತ್ತದೆ. ಅವಳು ಅಡುಗೆಮನೆಗೆ ಹೋಗುತ್ತಾಳೆ, ಅವನು ಟೀವಿ ಹಾಕುತ್ತಾನೆ. ಫೀಸು ಆಗಲೂ ಕಟ್ಟಿಲ್ಲ.

ಒಂದು ನಿಮಿಷವೂ ಹಿಡಿಯದ ಈ ಜಗಳದಲ್ಲಿ ಮೂರು ಕಡೆ ದಾರಿ ತಪ್ಪಿದೆ. ಅವಳಿಗೆ ದೂರು ಇತ್ತು, ಆ ದೂರು ನ್ಯಾಯವಾದದ್ದು. "ಫೀಸು ಕಟ್ತೀನಿ ಅಂದಿದ್ರಿ, ಕಟ್ಟಿಲ್ಲ, ದಂಡ ಬಿದ್ದಿದೆ, ನನಗೆ ತುಂಬಾ ಸಿಟ್ಟು ಬಂದಿದೆ" ಎಂದಿದ್ದರೆ ಅದು ಎಷ್ಟೇ ಜೋರಾಗಿದ್ದರೂ ಒಂದು ದಿನದ, ಒಂದು ಕೆಲಸದ ಮಾತಾಗಿರುತ್ತಿತ್ತು. ಅದಕ್ಕೆ ಉತ್ತರವಾಗಿ ಅವನು ಮಾಡಬಹುದಾದ ಕೆಲಸವೂ ಒಂದಿತ್ತು. "ಯಾವತ್ತೂ ಹೀಗೇ" ಎಂದಾಗ ದೂರು ಆಪಾದನೆಯಾಯಿತು, ಮರೆವಿನಿಂದ ಸ್ವಭಾವಕ್ಕೆ ಜಿಗಿಯಿತು. ಸ್ವಭಾವದ ಮೇಲಿನ ಆಪಾದನೆಗೆ ಫೀಸು ಕಟ್ಟುವುದು ಉತ್ತರವಾಗಲಾರದು, ಆದ್ದರಿಂದ ಕೇಳಿದವನು ತನ್ನನ್ನೇ ಕಾಪಾಡಿಕೊಳ್ಳಲು ನಿಲ್ಲುತ್ತಾನೆ. ಎರಡನೆಯ ತಪ್ಪು ನಡೆದದ್ದು ಅಲ್ಲಿ. ಸಮರ್ಥನೆ ಮಾಡಿಕೊಳ್ಳುವವನಿಗೆ ತಾನು ನಿಜವನ್ನು ವಿವರಿಸುತ್ತಿದ್ದೇನೆ ಎಂದೇ ಅನ್ನಿಸುತ್ತಿರುತ್ತದೆ. ಆಫೀಸಿನ ಒತ್ತಡ ಸುಳ್ಳಲ್ಲ, ಗ್ಯಾಸ್ ಮರೆತದ್ದೂ ಸುಳ್ಳಲ್ಲ. ಆದರೆ ಕೇಳುವವಳಿಗೆ ಮುಟ್ಟುವ ಅರ್ಥ ಬೇರೆ: ತಪ್ಪು ನನ್ನದಲ್ಲ, ನಿನ್ನದು. ಆಪಾದನೆ ಸಮರ್ಥನೆಯನ್ನು ಹುಟ್ಟಿಸುತ್ತದೆ, ಸಮರ್ಥನೆ ಇನ್ನೂ ದೊಡ್ಡ ಆಪಾದನೆಯನ್ನು. ಮೂಲ ವಿಷಯ ಕೈಬಿಟ್ಟು ಹಳೆಯ ಪಟ್ಟಿಗಳು ಹೊರಗೆ ಬಂದಿವೆ ಎಂದರೆ ಈ ಸುತ್ತು ತಿರುಗಲು ಶುರುವಾಗಿದೆ ಎಂದೇ ಅರ್ಥ.

ಇವೆರಡೂ ಒಳ್ಳೆಯ ಸಂಸಾರಗಳಲ್ಲೂ ಇರುತ್ತವೆ. ದಿನದ ಕೊನೆಗೆ ಸುಸ್ತಾದವರು "ಯಾವತ್ತೂ" ಎನ್ನದೆ ಇರುವುದು ಅಪರೂಪ. ಮೂರನೆಯದು ಹಾಗಲ್ಲ. ತುಟಿ ವಾರೆ ಮಾಡಿ ನಕ್ಕದ್ದು, "ಹೌದಮ್ಮಾ" ಎಂದು ಅಣಕಿಸಿದ್ದು, ತವರನ್ನು ಎಳೆದು ತಂದದ್ದು, ಇದು ತಿರಸ್ಕಾರ. ಹಂಗಿಸುವುದು, ಮೂದಲಿಸುವುದು, ಮೂಗು ಮುರಿಯುವುದು, ಮಾತಿನ ಧಾಟಿಯನ್ನು ಅನುಕರಿಸಿ ತೋರಿಸುವುದು, ಇಂಗ್ಲಿಷ್ ತಪ್ಪನ್ನೋ ಸಂಬಳವನ್ನೋ ಬಣ್ಣವನ್ನೋ ಎತ್ತಿ ಆಡುವುದು ಎಲ್ಲವೂ ಇದರ ರೂಪಗಳು. ಸಿಟ್ಟು ಸಮಾನರ ನಡುವೆ ಇರಬಲ್ಲದು. ತಿರಸ್ಕಾರ ಮೇಲೆ ನಿಂತು ಕೆಳಗೆ ನೋಡುತ್ತದೆ. ನೀನು ಮಾಡಿದ್ದು ತಪ್ಪು ಎನ್ನುವುದು ಅದಕ್ಕೆ ಸಾಲದು, ನೀನೇ ನನಗಿಂತ ಕೀಳು ಎಂದು ತೋರಿಸಬೇಕು. ಗಾಟ್‌ಮನ್ ಗುರುತಿಸಿದ ನಾಲ್ಕು ಕೆಟ್ಟ ಅಭ್ಯಾಸಗಳಾದ ಆಪಾದನೆ, ತಿರಸ್ಕಾರ, ಸಮರ್ಥನೆ ಮತ್ತು ಮುಖ ತಿರುಗಿಸಿ ಮುಗುಮ್ಮಾಗುವುದರಲ್ಲಿ ಬೇರ್ಪಡುವಿಕೆಯನ್ನು ಎಲ್ಲಕ್ಕಿಂತ ಬಲವಾಗಿ ಸೂಚಿಸುವುದು ತಿರಸ್ಕಾರವೇ ಎಂದು ಅವರು ಹೇಳುತ್ತಾರೆ. ನನಗೆ ಇದು ಒಪ್ಪಿಗೆಯಾಗಲು ಕಾರಣವಿದೆ. ಆಪಾದನೆಯನ್ನು ಮರುದಿನ ಹಿಂತೆಗೆದುಕೊಳ್ಳಬಹುದು, ಸಿಟ್ಟಿನಲ್ಲಿ ಅಂದೆ ಎನ್ನಬಹುದು. ಹಂಗಿಸಿದ್ದನ್ನು ಹಾಗೆ ಹಿಂತೆಗೆದುಕೊಳ್ಳಲಾಗದು, ಏಕೆಂದರೆ ಅದು ಬಾಯಿತಪ್ಪಿ ಬಂದದ್ದಾಗಿ ಕಾಣುವುದಿಲ್ಲ. ಬಹಳ ದಿನದಿಂದ ಒಳಗಿದ್ದ ಅಭಿಪ್ರಾಯ ಹೊರಗೆ ಬಂದದ್ದಾಗಿ ಕಾಣುತ್ತದೆ. ಬಹುಪಾಲು ಅದು ನಿಜವೂ ಹೌದು. ಇನ್ನೊಬ್ಬರ ಕುಂದುಗಳನ್ನು ಮನಸ್ಸಿನಲ್ಲೇ ಎಣಿಸುತ್ತ ಕೂತಾಗ ತಿರಸ್ಕಾರ ಬೆಳೆಯುತ್ತದೆ, ಜಗಳದಲ್ಲಿ ಅದು ಹೊರಬರುತ್ತದೆ ಅಷ್ಟೆ.

ನಾಲ್ಕನೆಯದಾದ ಮುಗುಮ್ಮನ್ನು ಜನ ಸಾಮಾನ್ಯವಾಗಿ ಅಸಡ್ಡೆ ಎಂದು ಓದುತ್ತಾರೆ. ಪ್ರಯೋಗಾಲಯದ ಅಳತೆಗಳಲ್ಲಿ ಕಂಡದ್ದು ಬೇರೆ. ಹೊರಗೆ ಕಲ್ಲಿನಂತೆ ಕೂತವರ ಎದೆ ಒಳಗೆ ಡವಡವ ಎನ್ನುತ್ತಿತ್ತು. ಕೂತಲ್ಲೇ ಎದೆಬಡಿತ ನಿಮಿಷಕ್ಕೆ ನೂರರ ಆಸುಪಾಸಿಗೆ ಏರಿದಾಗ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ಓಡಬೇಕು ಅಥವಾ ಹೊಡೆದಾಡಬೇಕು ಎಂದು ಮೈ ಸಜ್ಜಾಗಿರುತ್ತದೆ. ಆ ಸ್ಥಿತಿಯಲ್ಲಿ ಬೆನ್ನುಹತ್ತಿ ಉತ್ತರ ಕೇಳಿದರೆ ಉತ್ತರ ಬರಲಾರದು. ಮಾತು ನಿಲ್ಲಿಸುವುದು ಇಲ್ಲಿ ತಪ್ಪಲ್ಲ. ಏನೂ ಹೇಳದೆ ಎದ್ದುಹೋಗುವುದು, ಮತ್ತೆ ಆ ವಿಷಯಕ್ಕೆ ಬಾರದಿರುವುದು ತಪ್ಪು, ಯಾಕೆಂದರೆ ಉಳಿದವರಿಗೆ ಅದು ಶಿಕ್ಷೆಯಾಗಿ ತಟ್ಟುತ್ತದೆ.

ಹಾಗಾದರೆ ಈ ನಾಲ್ಕರಲ್ಲಿ ಯಾವುದಾದರೂ ಮನೆಯಲ್ಲಿ ಕಂಡರೆ ಹೆದರಬೇಕೇ? ಇಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಜಗಳ ತಾನಾಗಿ ಕರಗುತ್ತದೆ ಎಂಬ ಅರ್ಥದಲ್ಲಿ ಬಳಸುತ್ತಾರೆ, ಆದರೆ ತಾನಾಗಿ ಯಾವುದೂ ಕರಗುವುದಿಲ್ಲ. ಊಟಕ್ಕೆ ಏಳಿ ಎಂದು ಒಬ್ಬರು ಕರೆದು, ಇನ್ನೊಬ್ಬರು ಬಿಗುಮಾನ ಬಿಟ್ಟು ಎದ್ದುಬಂದರೆ ಮಾತ್ರ ಅದು ಮುಗಿಯುತ್ತದೆ. ಹೀಗೆ ಕಾವನ್ನು ಇಳಿಸಲು ಮಾಡುವ ಚಿಕ್ಕ ಪ್ರಯತ್ನವೇ ನೋಡಬೇಕಾದ ಮುಖ್ಯ ಗುರುತು: "ಸರಿ, ಅದು ನನ್ನ ತಪ್ಪೇ" ಎಂಬ ಅರ್ಧ ವಾಕ್ಯ, ಒಂದು ಲೋಟ ಕಾಫಿ, ನಡುವೆ ಬಂದ ನಗು. ಈ ಕರೆಗೆ ಓಗೊಡುವವರು ಜೋರಾಗಿ ಜಗಳವಾಡಿದರೂ ಉಳಿಯುತ್ತಾರೆ. ನಮ್ಮ ಉದಾಹರಣೆಯಲ್ಲಿ "ಒಂದು ತಪ್ಪಾಯ್ತು ಅನ್ನೋಕೂ" ಎಂದು ಅವಳು ಅಂದಾಗ, ಮಾತು ಚುಚ್ಚುವಂತಿದ್ದರೂ, ಒಂದು ಬಾಗಿಲು ತೆರೆದಿತ್ತು. ಅವಳಿಗೆ ಬೇಕಾದದ್ದು ಏನೆಂದು ಅವಳೇ ಹೇಳಿದ್ದಳು. ಅವನು ಅಲ್ಲಿ ಹಂಗಿಸಲು ಹೊರಟದ್ದೇ ಆ ಸಂಜೆಯ ದೊಡ್ಡ ನಷ್ಟ. ಹದಗೆಡುತ್ತಿರುವ ಸಂಸಾರದಲ್ಲಿ ಇಂಥ ಪ್ರಯತ್ನಗಳು ಮೊದಮೊದಲು ಬರುತ್ತಲೇ ಇರುತ್ತವೆ, ಆದರೆ ತಿರಸ್ಕೃತವಾಗುತ್ತವೆ. "ಈಗ ಕಾಫಿ ಕೊಟ್ಟು ಸರಿಮಾಡ್ತೀರಾ" ಎಂಬ ಉತ್ತರ ಮೇಲಿಂದ ಮೇಲೆ ಬಂದರೆ ಪ್ರಯತ್ನವೇ ನಿಂತುಹೋಗುತ್ತದೆ. ಗಾಟ್‌ಮನ್ ಮತ್ತು ಲೆವೆನ್ಸನ್ ಹದಿನಾಲ್ಕು ವರ್ಷ ಹಿಂಬಾಲಿಸಿದ ದಂಪತಿಗಳಲ್ಲಿ ಬೇಗ ಬೇರೆಯಾದವರು ಕಟುವಾಗಿ ಜಗಳವಾಡುತ್ತಿದ್ದವರು. ಎಷ್ಟೋ ವರ್ಷಗಳ ಮೇಲೆ ಬೇರೆಯಾದವರಲ್ಲಿ ಎದ್ದುಕಂಡದ್ದು ನಗು, ಆಸಕ್ತಿ, ಅಕ್ಕರೆಗಳ ಅಭಾವ. ದನಿ ಏರಿಸದ ಮನೆ ಎಂಬ ಹೊಗಳಿಕೆಯನ್ನು ನಾನು ಅನುಮಾನಿಸುವುದು ಇದಕ್ಕಾಗಿ.

ಈ ಸಂಶೋಧನೆಯ ಮೇಲೆ ಗಟ್ಟಿಯಾದ ಆಕ್ಷೇಪಗಳೂ ಇವೆ. ಕೆಲವು ನಿಮಿಷದ ಮಾತು ಕೇಳಿ ವಿಚ್ಛೇದನವನ್ನು ನೂರಕ್ಕೆ ತೊಂಬತ್ತರಷ್ಟು ನಿಖರವಾಗಿ ಹೇಳಬಹುದು ಎಂಬ ಮಾತು ಬಹಳ ಪ್ರಚಾರ ಪಡೆದಿದೆ. ಯಾವ ದಂಪತಿಗಳ ಕತೆ ಮುಗಿದ ಮೇಲೆ ಸೂತ್ರವನ್ನು ಕಟ್ಟಲಾಯಿತೋ ಅದೇ ದಂಪತಿಗಳ ಮೇಲೆ ಸೂತ್ರವನ್ನು ಪರೀಕ್ಷಿಸಿದರೆ ನಿಖರತೆ ಹೆಚ್ಚಿಯೇ ಕಾಣುತ್ತದೆ ಎಂದು ರಿಚರ್ಡ್ ಹೇಮನ್ ಮತ್ತು ಏಮಿ ಸ್ಲೆಪ್ 2001ರಲ್ಲಿ ತೋರಿಸಿದರು. ಹೊಸಬರಿಗೆ ಅನ್ವಯಿಸಿದಾಗ ಇಂಥ ಸೂತ್ರಗಳ ಬಲ ತಗ್ಗುತ್ತದೆ. ಅದಕ್ಕಿಂತ ಆಳವಾದ ಪ್ರಶ್ನೆ 2016ರಲ್ಲಿ ಬಂತು. ಲಾಸ್ ಏಂಜಲೀಸ್‌ನ ಕಡಿಮೆ ಆದಾಯದ ಬಡಾವಣೆಗಳ 431 ನವದಂಪತಿಗಳನ್ನು ಹಲವು ಬಾರಿ ಗಮನಿಸಿದ ಜಸ್ಟಿನ್ ಲೇವ್ನರ್, ಬೆಂಜಮಿನ್ ಕಾರ್ನಿ ಮತ್ತು ಥಾಮಸ್ ಬ್ರಾಡ್‌ಬರಿ, ಮಾತಿನ ರೀತಿ ಕೆಟ್ಟದ್ದರಿಂದ ತೃಪ್ತಿ ಕುಗ್ಗುವಷ್ಟೇ, ತೃಪ್ತಿ ಕುಗ್ಗಿದ್ದರಿಂದ ಮಾತಿನ ರೀತಿ ಕೆಡುವುದೂ ಉಂಟು ಎಂದು ಕಂಡರು. ಸಾಲ, ಪಾಳಿ ಕೆಲಸ, ಒಂದೇ ಕೋಣೆಯ ಮನೆ, ಕಾಯಿಲೆ ಬಿದ್ದ ಮಾವ, ಇವುಗಳ ನಡುವೆ ಬದುಕುವವರಿಗೆ ಮೆತ್ತಗೆ ಮಾತಾಡಿ ಎಂದಷ್ಟೇ ಹೇಳುವುದು ಅನ್ಯಾಯ. ಈ ಆಕ್ಷೇಪಗಳನ್ನು ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ಜ್ವರವೇ ಮೂಲ ರೋಗವಲ್ಲದಿದ್ದರೂ ಜ್ವರ ಏರುವುದನ್ನು ಯಾರೂ ಕಡೆಗಣಿಸುವುದಿಲ್ಲ. ತಿರಸ್ಕಾರವನ್ನು ಭವಿಷ್ಯ ಹೇಳುವ ಯಂತ್ರವಾಗಿ ಬಳಸಬಾರದು. ಈಗ ಏನೋ ಸರಿಯಿಲ್ಲ, ಹೊರಗಿನ ಒತ್ತಡವಾದರೂ ಒಳಗಿನ ಕಹಿಯಾದರೂ ಗಮನ ಬೇಡುತ್ತಿದೆ ಎಂಬ ಗುರುತಾಗಿ ಬಳಸಬಹುದು.

ಮೃದುವಾಗಿ ಮಾತಾಡಿ ಎಂಬ ಸಲಹೆ ಯಾರ ಬಾಯಿ ಮುಚ್ಚಿಸುತ್ತದೆ ಎಂಬ ಪ್ರಶ್ನೆ ಇನ್ನೂ ತೂಕದ್ದು. ಆಂಡ್ರ್ಯೂ ಕ್ರಿಸ್ಟೆನ್ಸನ್ ಮತ್ತು ಕ್ರಿಸ್ಟೋಫರ್ ಹೇವಿ 1990ರಲ್ಲಿ ತೋರಿಸಿದಂತೆ, ಬದಲಾವಣೆ ಬೇಕಾದವರು ಒತ್ತಾಯಿಸುತ್ತಾರೆ, ಈಗಿರುವುದೇ ಅನುಕೂಲವಾಗಿರುವವರು ಹಿಂದೆ ಸರಿಯುತ್ತಾರೆ. ಹೆಂಡತಿ ಎತ್ತಿದ ವಿಷಯದಲ್ಲಿ ಅವಳು ಬೆನ್ನುಹತ್ತುವುದು, ಅವನು ಜಾರಿಕೊಳ್ಳುವುದು ಢಾಳಾಗಿತ್ತು. ಗಂಡ ಎತ್ತಿದ ವಿಷಯದಲ್ಲಿ ಆ ಅಂತರ ಉಳಿಯಲಿಲ್ಲ. ಅಂದರೆ ಗೊಣಗುವುದು ಹೆಂಗಸಿನ ಸ್ವಭಾವವಲ್ಲ, ಹೊರೆ ಹೊತ್ತವರ ಸ್ಥಿತಿ. ಹಾಗಿರುವಾಗ ದನಿ ಇಳಿಸು ಎಂಬುದು ಹೊರೆ ಹೊತ್ತವಳಿಗೇ ಹೇಳುವ ಬುದ್ಧಿಮಾತಾದರೆ ಅದು ಸಂಸಾರ ಉಳಿಸುವುದಿಲ್ಲ, ದೂರನ್ನು ಹೂತುಹಾಕುತ್ತದೆ. ಜೇಮ್ಸ್ ಮೆಕ್‌ನಲ್ಟಿ ಮತ್ತು ಮಿಶೆಲ್ ರಸೆಲ್ 2010ರಲ್ಲಿ ಪ್ರಕಟಿಸಿದ ಫಲಿತಾಂಶ ಇಲ್ಲಿ ಬಹಳ ನೆರವಾಗುತ್ತದೆ. ನೇರವಾಗಿ ದೂರುವುದು, ಬದಲಾಗಲೇಬೇಕು ಎಂದು ಪಟ್ಟು ಹಿಡಿಯುವುದು ಚಿಕ್ಕಪುಟ್ಟ ತೊಂದರೆಗಳಿರುವ ಸಂಸಾರಕ್ಕೆ ಕೇಡು ತಂದಿತು, ಆದರೆ ಗಂಭೀರ ತೊಂದರೆಗಳಿದ್ದಲ್ಲಿ ಒಳಿತನ್ನೇ ಮಾಡಿತು, ಏಕೆಂದರೆ ಅಲ್ಲಿ ತೊಂದರೆ ನಿಜವಾಗಿ ಕಡಿಮೆಯಾಯಿತು. ಸುತ್ತುಬಳಸಿ ಆಡುವ ಕೊಂಕು, ವ್ಯಂಗ್ಯಗಳಾದರೋ ತೊಂದರೆ ಚಿಕ್ಕದಿರಲಿ ದೊಡ್ಡದಿರಲಿ ಕಡಿಮೆ ತೃಪ್ತಿಯ ಜೊತೆಗೇ ಕಂಡವು. ಗಂಡ ಕುಡಿಯುತ್ತಾನೆ, ಸಂಬಳ ಮುಚ್ಚಿಡುತ್ತಾನೆ ಎಂದರೆ ಗಟ್ಟಿದನಿಯಲ್ಲಿ ಕೇಳಬೇಕಾದದ್ದೇ. ದೂರು ಎಷ್ಟು ಖಾರವಾಗಿದ್ದರೂ ಇರಲಿ, ಅದು ಕೊಂಕಾಗಬಾರದು.

ನಮ್ಮ ಮನೆಗಳಲ್ಲಿ ಜಗಳಕ್ಕೆ ಸಾಕ್ಷಿಗಳು ಹೆಚ್ಚು ಎಂಬುದನ್ನೂ ನೆನೆಯಬೇಕು. ಅತ್ತೆ, ನಾದಿನಿ, ಮಕ್ಕಳ ಎದುರು ಆಡಿದ ಅದೇ ಮಾತು ಹೆಚ್ಚು ಆಳಕ್ಕೆ ಇಳಿಯುತ್ತದೆ, ಯಾಕೆಂದರೆ ಕೆಳಗಿಳಿಸಿದ್ದನ್ನು ಇತರರು ನೋಡಿದ್ದಾರೆ. ರಾಜಿಯೂ ಕಷ್ಟವಾಗುತ್ತದೆ, ಎಲ್ಲರೆದುರು ಸೋತಂತೆ ಕಾಣಬಾರದೆಂದು ಬಿಗುಮಾನ ಗಟ್ಟಿಯಾಗುತ್ತದೆ. ಹಿಂದೆ ಹೇಳಿದ ಅಧ್ಯಯನಗಳು ಇಬ್ಬರನ್ನೇ ಒಂದು ಕೋಣೆಯಲ್ಲಿ ಕೂರಿಸಿದವು, ಆದ್ದರಿಂದ ಇದನ್ನು ಅಳೆದಿಲ್ಲ. ಫೀಸಿನಂಥ ಮಾತನ್ನು ಎಲ್ಲರೂ ಕೂತ ನಡುಮನೆಯಲ್ಲಿ ಎತ್ತದೆ ರೂಮಿನಲ್ಲೋ ಟೆರೇಸಿನಲ್ಲೋ ಎತ್ತುವುದು ಇಲ್ಲಿಯವರಿಗೆ ಮೊದಲ ಉಪಾಯ.

ಮಾಡಬೇಕಾದದ್ದರಲ್ಲಿ ಮೂರನ್ನು ಮಾತ್ರ ಹೇಳುತ್ತೇನೆ. ಮೊದಲನೆಯದು ಆರಂಭ. 124 ನವದಂಪತಿಗಳ ಮಾತುಕತೆಯ ಮೊದಲ ಮೂರು ನಿಮಿಷಗಳನ್ನಷ್ಟೇ ನೋಡಿದ 1999ರ ಅಧ್ಯಯನದಲ್ಲಿ ಆ ಮೂರು ನಿಮಿಷಗಳಿಗೂ ಆರು ವರ್ಷಗಳ ನಂತರದ ಸ್ಥಿತಿಗೂ ನಂಟು ಕಂಡಿತ್ತು. ಆದ್ದರಿಂದ ಏನಾಯಿತು, ನನಗೇನಾಗುತ್ತಿದೆ, ಈಗ ಏನಾಗಬೇಕು ಎಂಬ ಮೂರನ್ನು ಮೊದಲ ಉಸಿರಿನಲ್ಲಿ ಹೇಳಿಬಿಡಿ: "ಫೀಸಿಗೆ ದಂಡ ಬಿದ್ದಿದೆ, ನನಗೆ ಸಾಕಾಗಿದೆ, ಊಟಕ್ಕೆ ಮುಂಚೆ ಕಟ್ಟಿಬಿಡಿ." ಕೇಳುವವರು ದೂರಿನಲ್ಲಿ ನಿಜವಿರುವ ತುಣುಕನ್ನು ಮೊದಲು ಒಪ್ಪಿಕೊಳ್ಳಲಿ, "ಹೌದು, ಮರೆತೆ" ಎಂದ ಮೇಲೆ ಆಫೀಸಿನ ಕತೆ ಹೇಳಿದರೆ ಅದು ಸಮರ್ಥನೆಯಾಗಿ ಕೇಳಿಸದು. ಎರಡನೆಯದು ಬಿಡುವು. ಎದೆ ಹೊಡೆದುಕೊಳ್ಳುತ್ತಿದ್ದರೆ ನಿಲ್ಲಿಸಿ, ಆದರೆ ವಾಪಸು ಬರುವ ಹೊತ್ತನ್ನು ಹೇಳಿ ಏಳಿ: "ಅರ್ಧ ಗಂಟೆ ಬಿಡು, ಒಂಬತ್ತಕ್ಕೆ ಕೂತು ಮಾತಾಡೋಣ." ಮೈ ತಣ್ಣಗಾಗಲು ಕನಿಷ್ಠ ಇಪ್ಪತ್ತು ನಿಮಿಷ ಬೇಕು, ಆ ಹೊತ್ತಿನಲ್ಲಿ ಅವಳು ಹೀಗಂದಳು, ಅವನು ಹಾಗಂದ ಎಂದು ಮೆಲುಕು ಹಾಕುತ್ತಿದ್ದರೆ ತಣ್ಣಗಾಗುವುದಿಲ್ಲ. ಪಾತ್ರೆ ತೊಳೆಯಿರಿ, ಬೀದಿ ಸುತ್ತಿ ಬನ್ನಿ. ಮೂರನೆಯದನ್ನು ಇಲೈ ಫಿಂಕೆಲ್ ಮತ್ತು ಸಂಗಡಿಗರು 2013ರಲ್ಲಿ 120 ದಂಪತಿಗಳ ಮೇಲೆ ಪರೀಕ್ಷಿಸಿದರು. ಇಬ್ಬರ ಒಳಿತನ್ನೂ ಬಯಸುವ ಮೂರನೆಯವರು ಈ ಜಗಳವನ್ನು ನೋಡಿದ್ದರೆ ಏನೆನ್ನುತ್ತಿದ್ದರು ಎಂದು ನಾಲ್ಕು ತಿಂಗಳಿಗೊಮ್ಮೆ ಏಳು ನಿಮಿಷ ಬರೆದವರಲ್ಲಿ ದಾಂಪತ್ಯದ ತೃಪ್ತಿ ಇಳಿಯುವುದು ನಿಂತಿತು, ಬರೆಯದವರಲ್ಲಿ ಇಳಿಯುತ್ತಲೇ ಹೋಯಿತು. ಬರೆದವರ ಜಗಳಗಳ ಸಂಖ್ಯೆ ಕಡಿಮೆಯಾಗಲಿಲ್ಲ, ಜಗಳ ಕೊಡುವ ನೋವು ಕಡಿಮೆಯಾಯಿತು.

ಇವೆಲ್ಲ ಇಬ್ಬರೂ ಹೆದರಿಕೆಯಿಲ್ಲದೆ ಬಾಯಿ ತೆರೆಯಬಲ್ಲ ಮನೆಗೆ ಹೇಳಿದ ಮಾತು. ಒಬ್ಬರು ಕೈ ಎತ್ತುತ್ತಾರೆ, ಸಾಮಾನು ಎಸೆಯುತ್ತಾರೆ, ಹೊರಗೆ ಹೋಗದಂತೆ ತಡೆಯುತ್ತಾರೆ, ಇನ್ನೊಬ್ಬರು ಪ್ರತಿ ಮಾತನ್ನೂ ಅಂಜಿ ಅಳೆದು ಆಡುತ್ತಾರೆ ಎಂದಾದರೆ ಅದನ್ನು ಜಗಳ ಎನ್ನಲಾಗದು, ಮೃದುವಾಗಿ ಆರಂಭಿಸುವ ಉಪಾಯ ಅಲ್ಲಿ ಕೆಲಸಕ್ಕೆ ಬಾರದು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆಗಾಗಿ 2005ರಲ್ಲಿ ಬಂದ ಕಾಯ್ದೆ ಹೊಡೆತವನ್ನಷ್ಟೇ ಹಿಂಸೆ ಎಂದಿಲ್ಲ. ಅವಮಾನ, ಅಣಕ, ಹೀಗಳೆಯುವುದು, ಮಕ್ಕಳಾಗಲಿಲ್ಲ ಅಥವಾ ಗಂಡುಮಗು ಆಗಲಿಲ್ಲವೆಂದು ಹಂಗಿಸುವುದು ಸಹ ಅದರ ವ್ಯಾಖ್ಯೆಯಲ್ಲಿ ಸೇರಿವೆ. ಅಂಥ ಮನೆಯಲ್ಲಿರುವ ಹೆಣ್ಣು ಮಕ್ಕಳು 181 ಮಹಿಳಾ ಸಹಾಯವಾಣಿಗೆ ಕರೆ ಮಾಡಬಹುದು.

ಹೆದರಿಕೆಯಿಲ್ಲ, ಆದರೆ ಹಂಗಿಸುವುದು ವಾರವಾರವೂ ನಡೆಯುತ್ತಿದೆ, ರಾಜಿಯ ಮಾತಿಗೆ ಬೆಲೆಯಿಲ್ಲ, ಬಿಡುವಿನ ನಂತರವೂ ಅದೇ ಸುತ್ತು ತಿರುಗುತ್ತಿದೆ ಎಂದರೆ ಮೂರನೆಯವರ ನೆರವು ಬೇಕು. ಹಿರಿಯರ ಪಂಚಾಯಿತಿಗಿಂತ ತರಬೇತಿ ಪಡೆದ ಆಪ್ತಸಲಹೆಗಾರರು ಒಳ್ಳೆಯದು, ಏಕೆಂದರೆ ಹಿರಿಯರು ತಪ್ಪು ಯಾರದು ಎಂದು ತೀರ್ಪು ಕೊಡಲು ಕೂರುತ್ತಾರೆ, ತೀರ್ಪು ಸೋತವರ ಕಹಿಯನ್ನು ಹೆಚ್ಚಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಮನೋಚಿಕಿತ್ಸಾ ಕೇಂದ್ರವಿದೆ. ಕೌಟುಂಬಿಕ ನ್ಯಾಯಾಲಯಗಳಲ್ಲೂ ಆಪ್ತಸಮಾಲೋಚನೆ ಇದೆ, ಆದರೆ ಅಲ್ಲಿಗೆ ಹೋಗುವ ಹೊತ್ತಿಗೆ ಅರ್ಜಿ ಬಿದ್ದಿರುತ್ತದೆ. ಸಲಹೆಗಾರರ ಮುಂದೆ ಇಡೀ ಮದುವೆಯ ಕತೆ ಹೇಳುವ ಬದಲು ಇತ್ತೀಚಿನ ಒಂದೇ ಜಗಳವನ್ನು ತೆಗೆದುಕೊಂಡು ಹೋಗಿ: ಮೊದಲ ವಾಕ್ಯ ಯಾವುದಿತ್ತು, ಮಾತು ಯಾವ ಹಂತದಲ್ಲಿ ಮನುಷ್ಯನ ಮೇಲೆ ತಿರುಗಿತು, ಅದನ್ನು ನಿಲ್ಲಿಸಲು ಯಾರು ಏನು ಮಾಡಿದರು, ಅದಕ್ಕೆ ಏನು ಉತ್ತರ ಸಿಕ್ಕಿತು. ಇಬ್ಬರೂ ಇದನ್ನು ಬೇರೆ ಬೇರೆ ಹಾಳೆಯಲ್ಲಿ ಬರೆದು ತಂದರೆ ಇನ್ನೂ ಒಳ್ಳೆಯದು. ಎರಡು ಬರಹಗಳಲ್ಲಿ ಯಾವ ವಾಕ್ಯ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲವೋ ಅಲ್ಲಿಂದಲೇ ಸಲಹೆಗಾರರು ಕೆಲಸ ಆರಂಭಿಸಬಹುದು.